ಒಂದೇ ಅನುಕಲಕ್ಕೆ ಮೂರು ಉತ್ತರ: ಪ್ರಧಾನ ಮೌಲ್ಯ ನನಗೆ ಅರ್ಥವಾದ ಬಗೆ

ರಾಯಚೂರಿನಲ್ಲಿ ಬಿ.ಎಸ್ಸಿ. ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಪ್ರಧಾನ ಮೌಲ್ಯದ ವ್ಯಾಖ್ಯೆಯನ್ನು ಹಲವು ವರ್ಷ ಹಲಗೆಯ ಮೇಲೆ ಬರೆದಿದ್ದೆ. ಸಿಂಧನೂರು ಕಡೆಯ ಒಬ್ಬ ವಿದ್ಯಾರ್ಥಿನಿ ಲ್ಯಾಪ್‌ಟಾಪ್ ಹಿಡಿದು ಬಂದ ದಿನ ಅದು ನಿಜವಾಗಿ ಅರ್ಥವಾಯಿತು.

ಅವಳು ತೆಗೆದುಕೊಂಡಿದ್ದು 1/x ಅನ್ನು, −1ರಿಂದ 2ರವರೆಗೆ. ಮಧ್ಯಬಿಂದು ಸೂತ್ರದ ಪುಟ್ಟ ಪ್ರೋಗ್ರಾಂ ಬರೆದಿದ್ದಳು:

```python
def madhya(n):
    h = 3/n
    return sum(h/(-1+(j+0.5)*h) for j in range(n))
```

“ಸರ್, 100 ಭಾಗ ಮಾಡಿದರೆ 6.1345 ಬರುತ್ತದೆ, 200 ಮಾಡಿದರೆ −4.7483, 300ಕ್ಕೆ 0.6931. ಯಾವುದು ಸರಿ?”

ಭಾಗಗಳನ್ನು ಹೆಚ್ಚಿಸಿದರೆ ಉತ್ತರ ನೆಲೆ ನಿಲ್ಲಬಹುದು ಎಂದುಕೊಂಡು 400, 800, 1600 ಕೊಟ್ಟು ನೋಡಿದೆವು. 6.13, −4.75, ಮತ್ತೆ 6.13. ದೋಷ ಪ್ರೋಗ್ರಾಮಿನಲ್ಲಿ ಇರಲಿಲ್ಲ. ನಾವು ಕಾಗದ ಹಿಡಿದು ಕೈಲೆಕ್ಕ ಮಾಡಿದೆವು.

ಸೊನ್ನೆ ಎಂಬ ವಿಲಕ್ಷಣ ಬಿಂದು ಎಡ ತುದಿಯಿಂದ n/3 ಭಾಗಗಳಷ್ಟು ದೂರದಲ್ಲಿದೆ. n ಮೂರರಿಂದ ಭಾಗವಾದರೆ ಸೊನ್ನೆ ಎರಡು ಭಾಗಗಳ ಗಡಿಯ ಮೇಲೆ ಕೂರುತ್ತದೆ. ಆಗ ಅದರ ಎಡಬಲದ ಮಧ್ಯಬಿಂದುಗಳು −h/2, +h/2 ಆಗಿ ಒಂದನ್ನೊಂದು ಕಳೆದುಹಾಕುತ್ತವೆ. ಶೇಷ ಒಂದು ಉಳಿದರೆ ಹತ್ತಿರದ ಮಧ್ಯಬಿಂದು +h/6ರಲ್ಲಿ ಬೀಳುತ್ತದೆ. ಅದೊಂದರ ಪಾಲು h ÷ (h/6), ಅಂದರೆ 6. ಇಲ್ಲಿ h ಉಳಿಯಲೇ ಇಲ್ಲ! ಕೋಟಿ ಭಾಗ ಮಾಡಿದರೂ ಆ ಆರು ಕರಗುವುದಿಲ್ಲ. ಅಕ್ಕಪಕ್ಕದ ಪಾಲುಗಳನ್ನೂ ಸೇರಿಸಿದರೆ 6 − 6/5 + 6/7 − 6/11 + … ಎಂಬ ಶ್ರೇಣಿ ಬರುತ್ತದೆ. ಅದರ ಮೊತ್ತ π√3, ಸುಮಾರು 5.4414. ಶೇಷ ಎರಡಾದರೆ ಇದೇ ಮೊತ್ತ ಋಣ ಚಿಹ್ನೆಯೊಂದಿಗೆ ಬರುತ್ತದೆ. 0.6931ಕ್ಕೆ ಇದನ್ನು ಕೂಡಿದರೂ ಕಳೆದರೂ ಅವಳ ಉಳಿದೆರಡು ಉತ್ತರಗಳೇ ಸಿಗುತ್ತವೆ.

ಸಾಮಾನ್ಯ ಅರ್ಥದಲ್ಲಿ ಅನುಕಲ ಅಭಿಸರಿಸಬೇಕಾದರೆ ಸೊನ್ನೆಯ ಎಡಭಾಗಕ್ಕೂ ಬಲಭಾಗಕ್ಕೂ ಬೇರೆ ಬೇರೆಯಾಗಿ ಮಿತಿ ಇರಬೇಕು. ಇಲ್ಲಿ ಎಡಭಾಗ −∞ಗೆ, ಬಲಭಾಗ +∞ಗೆ ಓಡುತ್ತದೆ. ಆದ್ದರಿಂದ ಈ ಅನುಕಲ ಅಭಿಸರಿಸುವುದಿಲ್ಲ. ಕೌಶಿಯ ಪ್ರಧಾನ ಮೌಲ್ಯದಲ್ಲಿ ಎರಡೂ ಕಡೆ ಸಮನಾಗಿ ε ಅಗಲದ ಪಟ್ಟಿಯನ್ನು ಬಿಟ್ಟು, ಉಳಿದದ್ದನ್ನು ಮೊದಲು ಕೂಡಿಸಿ, ಆಮೇಲೆ ಮಿತಿ ತೆಗೆಯುತ್ತೇವೆ. ಎಡಕ್ಕೆ ln ε, ಬಲಕ್ಕೆ ln 2 − ln ε. ಒಟ್ಟು ln 2, ಅದೇ 0.6931.

“ಪಟ್ಟಿ ಸಮನಾಗಿಯೇ ಇರಬೇಕೆಂದು ಯಾರು ಹೇಳಿದರು ಸರ್?” ಎಂದಳು. ಆ ಪ್ರಶ್ನೆ ಕೇಳಿ ನನಗೆ ಬಹಳ ಸಂತೋಷವಾಯಿತು, ಏಕೆಂದರೆ ವಿಷಯದ ತಿರುಳೇ ಅದು. ಎಡಕ್ಕೆ ε, ಬಲಕ್ಕೆ 2ε ಬಿಟ್ಟರೆ ಒಟ್ಟು ಸೊನ್ನೆ. ಬಲಕ್ಕೆ kε ಬಿಟ್ಟರೆ ln 2 − ln k. k ಬದಲಿಸುತ್ತ ಹೋದರೆ ಬೇಕಾದ ಸಂಖ್ಯೆಯನ್ನು ಪಡೆಯಬಹುದು. ಸಮ ಅಗಲವೆಂಬುದು ನಾವು ಮಾಡಿಕೊಂಡ ಒಪ್ಪಂದ. ಆ ಒಪ್ಪಂದವನ್ನು ಹೇಳದೆ ಉತ್ತರ ಬರೆದರೆ ಅದಕ್ಕೆ ಅರ್ಥವಿಲ್ಲ. 1/√|x|ಗೆ ಇಂಥ ತೊಡಕಿಲ್ಲ: ಪಟ್ಟಿಯನ್ನು ಹೇಗೆ ಬಿಟ್ಟರೂ ಉತ್ತರ 2 + 2√2. ಅದು ನಿಜವಾದ ಅಭಿಸರಣ.

ಅಂದಿನಿಂದ ನಾನು ಸೊನ್ನೆಯಲ್ಲಿ ಹೀಗೆ ಸಿಡಿಯುವ ಫಲನವನ್ನು ನೇರವಾಗಿ ಪ್ರೋಗ್ರಾಮಿಗೆ ಕೊಡುವುದಿಲ್ಲ. ಉದಾಹರಣೆಗೆ ಅದೇ ಅಂತರಾಳದಲ್ಲಿ eˣ/x ಬೇಕಿದ್ದರೆ ಅದನ್ನು (eˣ − 1)/x ಮತ್ತು 1/x ಎಂದು ಒಡೆಯುತ್ತೇನೆ. ಮೊದಲನೆಯದು ಸೊನ್ನೆಯ ಬಳಿ 1ರ ಕಡೆಗೆ ಸೌಮ್ಯವಾಗಿ ಸಾಗುತ್ತದೆ. ಯಾವ ಸೂತ್ರ ಬಳಸಿದರೂ 4.4805 ಸಿಗುತ್ತದೆ. ಎರಡನೆಯದರ ಪ್ರಧಾನ ಮೌಲ್ಯ ನಮಗೆ ಗೊತ್ತೇ ಇದೆ, 0.6931. ಒಟ್ಟು 5.1736. ಸರಿಯಾಗಿ ಒಡೆದಿದ್ದೇವೆಯೇ ಎಂದು ತಿಳಿಯಲು ಉಳಿದ ಸೌಮ್ಯ ಭಾಗವನ್ನು 100, 101, 102 ಭಾಗಗಳಲ್ಲಿ ಲೆಕ್ಕಿಸುತ್ತೇನೆ. ಮೂರೂ ಒಂದೇ ಕಡೆ ಬಂದು ನಿಂತರೆ ಮುಂದುವರಿಯುತ್ತೇನೆ.

ಎರಡು ವಾರದ ನಂತರ ಅವಳು 1/x² ತಂದಳು. ಪ್ರತಿನಿಷ್ಪನ್ನದಲ್ಲಿ ತುದಿಗಳನ್ನು ಹಾಕಿ −3/2 ಎಂದು ಬರೆದು, ಪಕ್ಕದಲ್ಲಿ ತಾನೇ ಪ್ರಶ್ನಾರ್ಥಕ ಚಿಹ್ನೆ ಇಟ್ಟಿದ್ದಳು: ಎಲ್ಲೆಡೆ ಧನವಾಗಿರುವ ಫಲನದ ಕೆಳಗಿನ ಕ್ಷೇತ್ರಫಲ ಋಣವಾಗುವುದು ಹೇಗೆ? ಸಮನಾದ ಪಟ್ಟಿ ಬಿಟ್ಟು ಲೆಕ್ಕಿಸಿದೆವು. 2/ε − 3/2 ಬಂತು. ಇಲ್ಲಿ ಎರಡೂ ಬದಿ ಧನವೇ ಆದ್ದರಿಂದ ಒಂದನ್ನೊಂದು ಕಳೆಯಲು ಏನೂ ಇಲ್ಲ. ε ಕುಗ್ಗಿದಂತೆ 2/ε ಬೆಳೆಯುತ್ತಲೇ ಹೋಗುತ್ತದೆ. ಇದಕ್ಕೆ ಪ್ರಧಾನ ಮೌಲ್ಯವೂ ಇಲ್ಲ ಎಂದು ಅವಳೇ ಬರೆದು, −3/2 ಅನ್ನು ಹೊಡೆದುಹಾಕಿದಳು.