ಗರ್ಭಿಣಿಯರು ಚೀಸ್ ಆರಿಸುವುದು ಹೇಗೆ? ಲೇಬಲ್ ಓದಿದರಷ್ಟೇ ಸಾಲದು

ಹಸಿ ಹಾಲಿನಲ್ಲಿ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಹಾಲಿನ ರುಚಿ, ವಾಸನೆ ಯಾವುದೂ ಕೆಡುವುದಿಲ್ಲವಾದ್ದರಿಂದ ಅದು ಗೊತ್ತಾಗುವುದೇ ಇಲ್ಲ. ಫ್ರಿಜ್‌ನ 4 ಡಿಗ್ರಿ ಚಳಿಯಲ್ಲೂ ಅದು ನಿಧಾನವಾಗಿ ಬೆಳೆಯುತ್ತದೆ. ತಾಯಿಗೆ ಬರೀ ಮೈಕೈ ನೋವು, ಸಣ್ಣ ಜ್ವರ ತರಿಸಿ, ಮಾಸು ದಾಟಿ ಮಗುವನ್ನು ತಲುಪಬಲ್ಲದು. ಆಗ ಗರ್ಭಪಾತ, ಅವಧಿಗೆ ಮುನ್ನ ಹೆರಿಗೆ, ಹೊಟ್ಟೆಯಲ್ಲೇ ಮಗು ಸಾಯುವ ಅಪಾಯವಿದೆ.

ಮೊದಲು ಲೇಬಲ್ ನೋಡಿ. ‘ರಾ ಮಿಲ್ಕ್’ ಅಥವಾ ‘ಅನ್‌ಪಾಶ್ಚರೈಸ್ಡ್’ ಎಂದಿದ್ದರೆ ಮೃದು ಚೀಸ್ ಬೇಡವೇ ಬೇಡ. ಏನೂ ಬರೆದಿರದಿದ್ದರೂ ಬೇಡ. ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡ್ ಕಾಯಿಸುವ ಪಾಶ್ಚರೀಕರಣದಲ್ಲಿ ಲಿಸ್ಟೀರಿಯಾ ಸಾಯುತ್ತದೆ. ಹಸಿ ಹಾಲು ಮನೆಗೆ ಬಂದರೆ ಉಕ್ಕಿ ಬರುವಂತೆ ಕಾಯಿಸಿಯೇ ಬಳಸಿ.

ಆಮೇಲೆ ಚೀಸಿನ ಹೊರಪದರ ನೋಡಿ. ಹೆಚ್ಚಿನವರು ಎಡವುವುದು ಇಲ್ಲಿಯೇ. ‘ಪಾಶ್ಚರೈಸ್ಡ್’ ಎಂದು ಬರೆದಿರುವ ಬ್ರೀ ಎಂಬ ಮೃದು ಚೀಸನ್ನೇ ಉದಾಹರಣೆಯಾಗಿ ನೋಡಿ. ಹಾಲು ಸುರಕ್ಷಿತವೇ ಇತ್ತು. ಆದರೆ ಚೀಸ್ ಮಾಗುವ ವಾರಗಳಲ್ಲಿ ಕಪಾಟು, ಚಾಕು, ಕೈಗಳಿಂದ ಲಿಸ್ಟೀರಿಯಾ ಮತ್ತೆ ಅಂಟಬಹುದು. ಹೊಸ ಚೀಸಿನಲ್ಲಿರುವ ಹುಳಿ ಅದನ್ನು ತಡೆಯುತ್ತಿತ್ತು. ಮೇಲೆ ಬೆಳೆಯುವ ಬಿಳಿ ಬೂಷ್ಟು ಆ ಹುಳಿಯನ್ನೇ ತಿಂದುಹಾಕುತ್ತದೆ. ತೇವವಂತೂ ಮೊದಲೇ ಇದೆ. ಬ್ಯಾಕ್ಟೀರಿಯಾಕ್ಕೆ ಇನ್ನೇನು ಬೇಕು? ಸಿಪ್ಪೆ ಕತ್ತರಿಸಿ ಒಳಭಾಗವನ್ನಷ್ಟೇ ತಿಂದರಾಯಿತು ಅನ್ನುವ ಹಾಗಿಲ್ಲ, ಸಿಪ್ಪೆಯ ಮೇಲಿನದನ್ನು ಚಾಕು ಒಳಗೂ ಒಯ್ಯುತ್ತದೆ.

ಹಾಗಾಗಿ ಬ್ರೀ, ಕಾಮಾಂಬೇರ್, ಬಿಳಿ ಬೂಷ್ಟಿನ ಸಿಪ್ಪೆಯಿರುವ ಮೇಕೆ ಹಾಲಿನ ಚೀಸ್, ರೋಕ್‌ಫೋರ್, ಗೋರ್ಗೊಂಜೋಲಾದಂಥ ಮೃದು ನೀಲಿ ಚೀಸ್‌ಗಳನ್ನು ಹಾಗೆಯೇ ತಿನ್ನಬಾರದು. ಪಾಶ್ಚರೀಕರಿಸಿದ ಹಾಲಿನ ಮೊಝರೆಲ್ಲಾ, ಫೆಟಾ, ಕ್ರೀಮ್ ಚೀಸ್ ತಿನ್ನಬಹುದು. ಚೆಡ್ಡಾರ್, ಪಾರ್ಮೆಸಾನ್‌ನಂಥ ಗಟ್ಟಿ ಚೀಸ್‌ಗಳಲ್ಲಿ ತೇವ ಕಡಿಮೆಯಾದ್ದರಿಂದ ಅಪಾಯವೂ ಕಡಿಮೆ.

ಬ್ರೀ ತಿನ್ನುವ ಆಸೆಯಿದ್ದರೆ ಬೇಯಿಸಿ ತಿನ್ನಿ. ಅಂಚು ಕರಗಿದರೆ ಸಾಲದು. ಮಧ್ಯಭಾಗವೂ ಚೆನ್ನಾಗಿ ಬಿಸಿಯಾಗಿ ಹಬೆಯಾಡಬೇಕು, ಅಂದರೆ ಸುಮಾರು 74 ಡಿಗ್ರಿ. ಕತ್ತರಿಸಿ ನೋಡಿದಾಗ ನಡುವೆ ಗಟ್ಟಿ ತುಣುಕು ಉಳಿದಿದ್ದರೆ ಮತ್ತೆ ಒಲೆಗಿಡಿ.

ತಿಳಿಯದೆ ತಿಂದಾಗಿದೆಯೇ? ಗಾಬರಿ ಬೇಡ, ತಿಂದವರಲ್ಲಿ ಬಹುತೇಕರಿಗೆ ಸೋಂಕು ತಗಲುವುದಿಲ್ಲ. ಲಕ್ಷಣಗಳಿಲ್ಲದಿದ್ದರೆ ಸಾಮಾನ್ಯವಾಗಿ ಪರೀಕ್ಷೆಯೂ ಬೇಕಾಗುವುದಿಲ್ಲ. ಆದರೆ ರೋಗ ತಲೆಯೆತ್ತಲು 2 ತಿಂಗಳಿಗೂ ಹೆಚ್ಚು ಹಿಡಿಯಬಹುದಾದ್ದರಿಂದ ತಿಂದ ದಿನಾಂಕ ಬರೆದಿಡಿ. ಈ ಅವಧಿಯಲ್ಲಿ ಜ್ವರ 38 ಡಿಗ್ರಿ ದಾಟಿದರೆ, ಮೈಕೈ ನೋವು ಬಂದರೆ, ಮಗುವಿನ ಚಲನೆ ಕಡಿಮೆಯಾದರೆ ಅಂದೇ ವೈದ್ಯರ ಬಳಿ ಹೋಗಿ, ಯಾವ ಚೀಸ್ ತಿಂದಿರಿ ಎಂಬುದನ್ನು ನೀವಾಗಿಯೇ ಹೇಳಿ. ಈ ಸೋಂಕು ಪತ್ತೆಯಾಗುವುದು ರಕ್ತದ ಕಲ್ಚರ್‌ನಿಂದ. ಆಂಪಿಸಿಲಿನ್‌ನಂಥ ಆ್ಯಂಟಿಬಯಾಟಿಕ್ ಬೇಗ ಶುರುವಾದಷ್ಟೂ ಮಗುವಿಗೆ ರಕ್ಷಣೆ ಹೆಚ್ಚು.