ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ: ವ್ಯವಸ್ಥಾಪಕರಿಗೆ ನಾನು ಬರೆದ ಇಮೇಲ್

ನಾನು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಮನೆ ಇರುವುದು ಮೂಡಿಗೆರೆಯ ಕಡೆ. ನಮ್ಮದು ಖಾಸಗಿ ಸಂಸ್ಥೆ, ಸಣ್ಣ ಕಚೇರಿ, ವಾರಕ್ಕೆ ಆರು ದಿನ ಕೆಲಸ. ಸಾಫ್ಟ್‌ವೇರ್ ಕಂಪನಿಗಳಲ್ಲಿರುವಂತೆ ಮನೆಯಿಂದ ಕೆಲಸ ಮಾಡುವ ಬಗ್ಗೆ ನಮ್ಮ ಸೇವಾ ನಿಯಮಗಳಲ್ಲಿ ಒಂದು ಸಾಲೂ ಇಲ್ಲ. ಇಂಥ ಕಡೆ ಅನುಮತಿ ಕೇಳಿದಾಗ ವ್ಯವಸ್ಥಾಪಕರ ಮುಂದೆ ಒಪ್ಪುವುದಕ್ಕಾಗಲಿ ನಿರಾಕರಿಸುವುದಕ್ಕಾಗಲಿ ಯಾವ ಆಧಾರವೂ ಇರುವುದಿಲ್ಲ. ಆದ್ದರಿಂದ ನಾನು ಬರೆಯುವ ಇಮೇಲ್ ಬರಿಯ ಕೋರಿಕೆಯಾಗಿದ್ದರೆ ಸಾಲದು, ಅವರು ಮೇಲಿನವರಿಗೆ ಹಾಗೆಯೇ ಕಳುಹಿಸಬಹುದಾದ ಒಂದು ವ್ಯವಸ್ಥೆಯ ಕರಡೂ ಆಗಿರಬೇಕು ಎಂದು ನಿರ್ಧರಿಸಿದೆ.

ಬರೆಯುವ ಮೊದಲು ಕೆಲವು ವಾರಗಳ ಕಾಲ ದಿನದ ಕೆಲಸವನ್ನೆಲ್ಲ ಒಂದು ಪುಸ್ತಕದಲ್ಲಿ ಗುರುತಿಸಿಕೊಂಡೆ. ಪ್ರತಿ ಕೆಲಸದ ಎದುರು ಬರೆದದ್ದು ಒಂದೇ ವಿಷಯ: ಇದಕ್ಕೆ ನನ್ನ ಕೈಯಲ್ಲಿ ಕಾಗದ ಇರಬೇಕೇ, ಎದುರಿಗೆ ಮನುಷ್ಯ ಇರಬೇಕೇ, ಅಥವಾ ಪರದೆಯೊಂದೇ ಸಾಕೇ? ಲೋಡು ಬಂದಾಗ ತೂಕದ ಚೀಟಿಯನ್ನೂ ತೇವಾಂಶದ ವರದಿಯನ್ನೂ ತಾಳೆ ನೋಡುವುದು, ಬೆಳೆಗಾರರಿಗೆ ಚೆಕ್ ಕೊಡುವುದು, ಔಟ್‌ಟರ್ನ್, ಅಂದರೆ ತಂದ ಕಾಫಿಯಿಂದ ಸಂಸ್ಕರಣೆಯ ನಂತರ ಸಿಕ್ಕ ಬೀಜದ ಪ್ರಮಾಣದ ಬಗ್ಗೆ ತಕರಾರಿದ್ದವರ ಜೊತೆ ಕುಳಿತು ಲೆಕ್ಕ ಬಿಡಿಸಿ ಹೇಳುವುದು, ಇವೆಲ್ಲ ಕಚೇರಿಯ ಕೆಲಸಗಳೇ. ಬ್ಯಾಂಕ್ ಲೆಕ್ಕದ ತಾಳೆ, ಬೆಳೆಗಾರರ ಖಾತೆಯ ವಿವರ ಸಿದ್ಧಪಡಿಸುವುದು, ಗೋಣಿಚೀಲ, ಸಾಗಣೆ ಮತ್ತು ಯಂತ್ರದ ಬಿಡಿಭಾಗಗಳ ಬಿಲ್ಲುಗಳನ್ನು ಜಿಎಸ್‌ಟಿ ಪೋರ್ಟಲ್ ಪ್ರತಿ ತಿಂಗಳು ಕೊಡುವ ಖರೀದಿ ಬಿಲ್ಲುಗಳ ಪಟ್ಟಿಯಾದ ಜಿಎಸ್‌ಟಿಆರ್-2ಬಿ ಜೊತೆ ಹೋಲಿಸುವುದು, ಇವು ಪರದೆಯ ಕೆಲಸಗಳು. ಕೌಂಟರಿನ ಪಕ್ಕದಲ್ಲಿ ಕುಳಿತು ಇವನ್ನು ಮಾಡುವಾಗ ಗಮನ ಮತ್ತೆ ಮತ್ತೆ ತುಂಡಾಗುತ್ತಿತ್ತು ಎಂಬುದೂ ಆ ಪುಸ್ತಕದಿಂದಲೇ ಸ್ಪಷ್ಟವಾಯಿತು.

ಎರಡು ಗುಂಪುಗಳ ನಡುವೆ ಬೀಳುವ ಕೆಲಸಗಳೂ ಇದ್ದವು, ಇಮೇಲಿನಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಅವುಗಳಿಗೇ. ಜಿಎಸ್‌ಟಿ ರಿಟರ್ನ್ ಸಿದ್ಧಪಡಿಸುವ ಕೆಲಸ ಎಲ್ಲಿಂದಲಾದರೂ ಆಗುತ್ತದೆ. ಆದರೆ ಕಂಪನಿಯ ರಿಟರ್ನ್ ಸಲ್ಲಿಸಲು ಡಿಜಿಟಲ್ ಸಹಿ ಬೇಕು, ಆ ಸಹಿಯ ಟೋಕನ್ ಇರುವುದು ವ್ಯವಸ್ಥಾಪಕರ ಕೊಠಡಿಯ ಬೀರುವಿನಲ್ಲಿ. ಟೋಕನ್ ಮನೆಗೆ ಒಯ್ಯುವ ಮಾತನ್ನು ಎತ್ತಲೇಬಾರದು ಎಂದುಕೊಂಡೆ. ಬ್ಯಾಂಕ್ ಪಾವತಿಯ ವಿಷಯವೂ ಹಾಗೆಯೇ. ಇವೆರಡನ್ನೂ ಮನೆಯಿಂದ ಮಾಡುವುದಿಲ್ಲ ಎಂದು ನಾನೇ ಮೊದಲು ಬರೆದುಬಿಟ್ಟರೆ, ಓದುವವರ ಮನಸ್ಸಿನ ದೊಡ್ಡ ಆತಂಕ ಅವರು ಕೇಳುವ ಮೊದಲೇ ಇಳಿಯುತ್ತದೆ.

ದಿನಗಳ ಆಯ್ಕೆಯನ್ನೂ ಕೆಲಸದಿಂದಲೇ ತೆಗೆದೆ. ತೋಟಗಳ ವಾರದ ಬಟವಾಡೆಗೆ ಹಣ ಬೇಕಾಗುವುದರಿಂದ ಶುಕ್ರವಾರ ಮತ್ತು ಶನಿವಾರ ಬೆಳೆಗಾರರು ಹೆಚ್ಚಾಗಿ ಬರುತ್ತಾರೆ, ಸೋಮವಾರ ಭಾನುವಾರದ ಬಾಕಿ ಕಾಗದಗಳು ಕೂಡಿರುತ್ತವೆ. ಉಳಿದ ಮೂರು ದಿನಗಳಲ್ಲಿ ಮಂಗಳವಾರ ಮತ್ತು ಗುರುವಾರವನ್ನು ಕೇಳಿದೆ. ಎರಡೂ ಒಟ್ಟಿಗೆ ಬರದಿರುವುದರಿಂದ ಯಾವ ಕಾಗದವೂ ನನ್ನ ಮೇಜಿನ ಮೇಲೆ ಒಂದು ದಿನಕ್ಕಿಂತ ಹೆಚ್ಚು ಕಾಯುವುದಿಲ್ಲ. ರಜೆಗೆ ಅಂಟಿಕೊಂಡ ಸೋಮವಾರವನ್ನೋ ಶನಿವಾರವನ್ನೋ ಕೇಳಿದರೆ, ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ, ಅದು ರಜೆಯ ಅರ್ಜಿಯಂತೆಯೇ ಕಾಣುತ್ತದೆ.

ಪ್ರಯೋಗದ ಅವಧಿಯ ಬಗ್ಗೆ ನಾನು ಹೆಚ್ಚು ಯೋಚಿಸಿದೆ, ಏಕೆಂದರೆ ಇಂಥ ಕೋರಿಕೆ ನಿಲ್ಲುವುದೂ ಬೀಳುವುದೂ ಅದರ ಮೇಲೆಯೇ. ‘ಕೆಲವು ದಿನ ನೋಡೋಣ’ ಎಂದರೆ ಅದು ಪ್ರಯೋಗವಲ್ಲ. ಮುಗಿಯುವ ದಿನ ಗೊತ್ತಿಲ್ಲದ ವ್ಯವಸ್ಥೆಯನ್ನು ನಿಲ್ಲಿಸಬೇಕಾದರೆ ವ್ಯವಸ್ಥಾಪಕರು ನನ್ನ ವಿರುದ್ಧ ಏನಾದರೂ ಹೇಳಲೇಬೇಕಾಗುತ್ತದೆ, ಆ ಮುಜುಗರಕ್ಕೆ ಹೆದರಿ ಅವರು ಮೊದಲೇ ಬೇಡ ಎನ್ನುವುದು ಸಹಜ. ದಿನಾಂಕಕ್ಕೆ ತಾನಾಗಿಯೇ ಮುಗಿಯುವ ಪ್ರಯೋಗದಲ್ಲಿ ಆ ತೊಡಕಿಲ್ಲ. ಅವಧಿ ಎಷ್ಟಿರಬೇಕು ಎಂಬುದನ್ನು ನಮ್ಮ ಕೆಲಸದ ಸುತ್ತೇ ಹೇಳಿತು: ಪ್ರತಿ ತಿಂಗಳ 7ಕ್ಕೆ ಟಿಡಿಎಸ್ ಪಾವತಿ, 11ಕ್ಕೆ ಜಿಎಸ್‌ಟಿಆರ್-1 ರಿಟರ್ನ್, 14ಕ್ಕೆ 2ಬಿ ಲಭ್ಯ, 20ಕ್ಕೆ ಜಿಎಸ್‌ಟಿಆರ್-3ಬಿ ರಿಟರ್ನ್. ಒಂದೇ ತಿಂಗಳ ಸುತ್ತು ಆಕಸ್ಮಿಕವಾಗಿ ಸಲೀಸಾಗಬಹುದು, ಎರಡು ಪೂರ್ಣ ಸುತ್ತುಗಳಾದರೂ ಬೇಕು. ಹಾಗಾಗಿ ಜುಲೈ ಮತ್ತು ಆಗಸ್ಟ್ ತಿಂಗಳುಗಳನ್ನು ಕೇಳಿದೆ. ಆಗ ಕಾಫಿಯ ಆವಕ ಕಡಿಮೆ, ಕೌಂಟರಿನಲ್ಲಿ ಒತ್ತಡವಿಲ್ಲ. ಆದರೆ ಮಲೆನಾಡಿನ ಮಳೆಗೆ ವಿದ್ಯುತ್ತೂ ಇಂಟರ್ನೆಟ್ಟೂ ಕೈಕೊಡುವುದು ಆಗಲೇ. ಸಂಪರ್ಕದ ಮಟ್ಟಿಗೆ ಅತ್ಯಂತ ಕಷ್ಟದ ತಿಂಗಳುಗಳಲ್ಲಿ ವ್ಯವಸ್ಥೆ ನಿಂತರೆ ಉಳಿದ ತಿಂಗಳುಗಳ ಬಗ್ಗೆ ಆ ಪ್ರಶ್ನೆ ಏಳುವುದಿಲ್ಲ.

ಜೂನ್ ಮೊದಲ ವಾರ ಕಳುಹಿಸಿದ ಇಮೇಲ್ ಹೀಗಿತ್ತು. ನಮ್ಮ ಕಚೇರಿಯ ಒಳಗಿನ ಪತ್ರವ್ಯವಹಾರ ಕನ್ನಡದಲ್ಲಿಯೇ ನಡೆಯುತ್ತದೆ.

ವಿಷಯ: ಜುಲೈ 1ರಿಂದ ಆಗಸ್ಟ್ 31ರವರೆಗೆ ಮಂಗಳವಾರ ಮತ್ತು ಗುರುವಾರ ಮನೆಯಿಂದ ಕೆಲಸ ಮಾಡಲು ಪ್ರಾಯೋಗಿಕ ಅನುಮತಿ ಕೋರಿ

ಮಾನ್ಯರೇ,

ಜುಲೈ 1ರಿಂದ ಆಗಸ್ಟ್ 31ರವರೆಗೆ ಪ್ರತಿ ಮಂಗಳವಾರ ಮತ್ತು ಗುರುವಾರ ಮನೆಯಿಂದ ಕೆಲಸ ಮಾಡಲು ಪ್ರಾಯೋಗಿಕವಾಗಿ ಅನುಮತಿ ನೀಡಬೇಕೆಂದು ಕೋರುತ್ತೇನೆ. ತಾಯಿಯವರ ಆರೈಕೆಗೆ ಆ ದಿನಗಳಲ್ಲಿ ಉಳಿಯುವ ಪ್ರಯಾಣದ ಸಮಯ ನನಗೆ ನೆರವಾಗುತ್ತದೆ. ಕೆಲಸದ ಸಮಯ ಕಚೇರಿಯ ಸಮಯವೇ ಆಗಿರುತ್ತದೆ.

ಈ ದಿನಗಳಲ್ಲಿ ಬ್ಯಾಂಕ್ ತಾಳೆ, ಬೆಳೆಗಾರರ ಖಾತೆ ವಿವರ ಮತ್ತು 2ಬಿ ಹೋಲಿಕೆಯ ಕೆಲಸ ಮಾಡುತ್ತೇನೆ. ಪಾವತಿ, ಚೆಕ್ ಮತ್ತು ರಿಟರ್ನ್ ಸಲ್ಲಿಕೆ ಕಚೇರಿಯಲ್ಲಿಯೇ ನಡೆಯುತ್ತವೆ. ಸಲ್ಲಿಕೆಯ ಕೊನೆಯ ದಿನ ಮಂಗಳವಾರ ಅಥವಾ ಗುರುವಾರ ಬಂದರೆ ಅಂದು ಕಚೇರಿಗೆ ಬರುತ್ತೇನೆ. ಲೆಕ್ಕದ ದತ್ತಾಂಶ ಕಚೇರಿಯ ಸರ್ವರಿನಲ್ಲಿಯೇ ಇರುತ್ತದೆ. ಕಚೇರಿಯ ಲ್ಯಾಪ್‌ಟಾಪಿನಿಂದ ವಿಪಿಎನ್ ಮೂಲಕ ಅದನ್ನು ತೆರೆಯುತ್ತೇನೆ, ಯಾವ ಕಡತವನ್ನೂ ಮನೆಯಲ್ಲಿ ಉಳಿಸಿಕೊಳ್ಳುವುದಿಲ್ಲ.

ಬೆಳಿಗ್ಗೆ ವಿದ್ಯುತ್ ಅಥವಾ ಇಂಟರ್ನೆಟ್ ಸಂಪರ್ಕ ಒಂದು ಗಂಟೆಗೂ ಹೆಚ್ಚು ಕಾಲ ಇಲ್ಲದಿದ್ದರೆ ತಮಗೆ ತಿಳಿಸಿ ಕಚೇರಿಗೆ ಹೊರಡುತ್ತೇನೆ. ಮಧ್ಯಾಹ್ನದ ನಂತರ ಸಂಪರ್ಕ ಹೋದರೆ ಉಳಿದ ಅವಧಿಯನ್ನು ಅರ್ಧ ದಿನದ ರಜೆಯಾಗಿ ಪರಿಗಣಿಸಬಹುದು.

ಪ್ರಯೋಗವನ್ನು ಮೂರು ವಿಷಯಗಳಿಂದ ಅಳೆಯಬಹುದೆಂದು ಸೂಚಿಸುತ್ತೇನೆ: ಖಾತೆ ವಿವರ ಕೇಳಿದ ಬೆಳೆಗಾರರಿಗೆ ಎರಡು ಕೆಲಸದ ದಿನಗಳೊಳಗೆ ಅದು ಸಿಕ್ಕಿತೇ, 2ಬಿ ಹೋಲಿಕೆ 17ನೇ ತಾರೀಖಿನೊಳಗೆ ಮುಗಿಯಿತೇ, ನಾನಿಲ್ಲದ ದಿನ ಕೌಂಟರಿನಲ್ಲಿ ಇತ್ಯರ್ಥವಾಗದೆ ಉಳಿದ ವಿಚಾರಗಳೆಷ್ಟು. ಹೋಲಿಕೆಗಾಗಿ ಏಪ್ರಿಲ್ ಮತ್ತು ಮೇ ತಿಂಗಳ ವಿವರ ಲಗತ್ತಿಸಿದ್ದೇನೆ. ಜುಲೈ ಕೊನೆಯಲ್ಲಿ ಒಮ್ಮೆ, ಆಗಸ್ಟ್ ಕೊನೆಯಲ್ಲಿ ಒಮ್ಮೆ ತಮ್ಮೊಡನೆ ಪರಿಶೀಲನೆಗೆ ಕುಳಿತುಕೊಳ್ಳುತ್ತೇನೆ. ತಾವು ಬರಹದಲ್ಲಿ ಮುಂದುವರಿಸದಿದ್ದರೆ ವ್ಯವಸ್ಥೆ ಆಗಸ್ಟ್ 31ಕ್ಕೆ ಕೊನೆಗೊಳ್ಳುತ್ತದೆ. ಅದಕ್ಕೂ ಮೊದಲೇ ಅಡಚಣೆ ಕಂಡರೆ ಒಂದು ವಾರ ಮುಂಚಿತವಾಗಿ ತಿಳಿಸಿ ನಿಲ್ಲಿಸಬಹುದು.

ತಮ್ಮ ವಿಶ್ವಾಸಿ,

ಇದರಲ್ಲಿ ಸ್ವಂತ ಕಾರಣಕ್ಕೆ ಕೊಟ್ಟಿರುವುದು ಒಂದೇ ವಾಕ್ಯ. ಮನೆಯ ಕಷ್ಟವನ್ನು ವಿವರಿಸುತ್ತ ಹೋದರೆ ಓದುವವರು ಕನಿಕರದಿಂದ ಒಪ್ಪಬಹುದು, ಆದರೆ ಕನಿಕರದ ಅನುಮತಿಯನ್ನು ಇನ್ನೊಬ್ಬ ನೌಕರ ಕೇಳಿದಾಗ ಸಮರ್ಥಿಸಿಕೊಳ್ಳುವುದು ಅವರಿಗೇ ಕಷ್ಟವಾಗುತ್ತದೆ. ‘ಮನೆಯಲ್ಲಿ ಹೆಚ್ಚು ಕೆಲಸವಾಗುತ್ತದೆ’ ಎಂಬ ಭರವಸೆಯನ್ನೂ ಬರೆಯಲಿಲ್ಲ. ಅದನ್ನು ಯಾರೂ ಅಳೆಯಲಾರರು, ಅಳೆಯಲಾಗದ್ದನ್ನು ಪರಿಶೀಲನೆಯ ದಿನ ತೋರಿಸಲಾಗದು.

ಸಂಪರ್ಕದ ಸಾಲುಗಳನ್ನು ಊರಿನ ಸ್ಥಿತಿ ನೋಡಿ ಬರೆದೆ. ಮನೆಯಲ್ಲಿ ಇನ್ವರ್ಟರ್ ಇದೆ, ರೂಟರಿಗೆ ಬೇರೆಯದೇ ಸಣ್ಣ ಯುಪಿಎಸ್ ಇದೆ. ಎರಡು ಮೂರು ಗಂಟೆಯ ವಿದ್ಯುತ್ ಕಡಿತಕ್ಕೆ ಇಷ್ಟು ಸಾಕು. ಮೊಬೈಲ್ ಹಾಟ್‌ಸ್ಪಾಟನ್ನು ಪರ್ಯಾಯವೆಂದು ಸೇರಿಸಲು ಮನಸ್ಸಾಗಿತ್ತು. ಆದರೆ ಮರ ಬಿದ್ದು ಮೆಸ್ಕಾಂ ಲೈನ್ ಇಡೀ ದಿನ ಹೋದಾಗ ಟವರಿನ ಬ್ಯಾಟರಿಯೂ ಮುಗಿದು ಸಿಗ್ನಲ್ಲೇ ಇರುವುದಿಲ್ಲ ಎಂಬುದು ನಮ್ಮ ಕಡೆಯವರಿಗೆಲ್ಲ ಗೊತ್ತು, ವ್ಯವಸ್ಥಾಪಕರಿಗೂ ಗೊತ್ತು. ದೀರ್ಘ ಕಡಿತಕ್ಕೆ ಇರುವ ನಿಜವಾದ ಪರ್ಯಾಯ ಆಲ್ದೂರಿನ ಮೇಲೆ ಚಿಕ್ಕಮಗಳೂರಿಗೆ ಹೋಗುವ ಬಸ್ಸೊಂದೇ. ಅದನ್ನೇ ಬರೆದೆ.

ಕೆಲವು ದಿನಗಳ ನಂತರ ವ್ಯವಸ್ಥಾಪಕರು ಕರೆದು ಎರಡು ಪ್ರಶ್ನೆ ಕೇಳಿದರು. ‘ಸೀಸನ್ನಿನಲ್ಲಿ ಏನು ಮಾಡುತ್ತೀರಿ? ಮಳೆಗಾಲದಲ್ಲಿ ನಡೆಯಿತು ಎಂದು ಜನವರಿಯಲ್ಲೂ ಕೇಳಿದರೆ ನನಗೆ ಆಗುವುದಿಲ್ಲ’ ಎಂದರು. ‘ಡಿಸೆಂಬರಿನಿಂದ ಮಾರ್ಚ್‌ವರೆಗೆ ಆರೂ ದಿನ ಬರುತ್ತೇನೆ ಸರ್, ಅದನ್ನೂ ಬರಹದಲ್ಲಿ ಸೇರಿಸಿ’ ಎಂದೆ. ಎರಡನೆಯದು ಕೌಂಟರಿನ ಸಹೋದ್ಯೋಗಿಯ ಒಪ್ಪಿಗೆ. ನಾನು ಇಮೇಲ್ ಕಳುಹಿಸುವ ಮೊದಲೇ ಅವರೊಡನೆ ಮಾತಾಡಿದ್ದೆ, ಆದರೆ ಬಾಯಿಮಾತು ಸಾಲದು, ಸಹೋದ್ಯೋಗಿಯೇ ಒಂದು ಸಾಲು ಬರೆದು ಕಳುಹಿಸಲಿ ಎಂದು ವ್ಯವಸ್ಥಾಪಕರು ಹೇಳಿದರು. ಈ ಷರತ್ತು ಸರಿಯಾದದ್ದೆಂದು ನನಗೆ ಈಗಲೂ ಅನ್ನಿಸುತ್ತದೆ, ಏಕೆಂದರೆ ಇಂಥ ವ್ಯವಸ್ಥೆಯ ಭಾರ ಮೊದಲು ಬೀಳುವುದು ಪಕ್ಕದ ಮೇಜಿನವರ ಮೇಲೆ, ದೂರು ಕೊನೆಗೆ ಬರುವುದೂ ಅವರಿಂದಲೇ.

ಪ್ರಯೋಗ ನಡೆದಾಗ ಉಪಯೋಗಕ್ಕೆ ಬಂದ ಅಳತೆಯೂ ಆ ಮೇಜಿನದೇ, ಕೌಂಟರಿನಲ್ಲಿ ಉಳಿದ ವಿಚಾರಗಳನ್ನು ಎಣಿಸುವ ಮೂರನೆಯದು. ಖಾತೆ ವಿವರಗಳು ಸಮಯಕ್ಕೆ ಹೋದವು, 2ಬಿ ಹೋಲಿಕೆ ಎರಡೂ ತಿಂಗಳು 17ರೊಳಗೆ ಮುಗಿಯಿತು. ಆದರೆ ಸಹೋದ್ಯೋಗಿ ಬರೆದಿಟ್ಟ ಪುಸ್ತಕ ನೋಡಿದಾಗ, ಮಂಗಳವಾರ ಉಳಿಯುತ್ತಿದ್ದ ವಿಚಾರಗಳು ಕಡಿಮೆ, ಗುರುವಾರದವು ಹೆಚ್ಚು ಎಂಬುದು ಜುಲೈ ಕೊನೆಗೇ ಕಂಡಿತು. ಶುಕ್ರವಾರದ ಪಾವತಿಯ ಮೊತ್ತ ಎಷ್ಟಾಗುತ್ತದೆಂದು ಕೇಳಲು ಬೆಳೆಗಾರರು ಗುರುವಾರವೇ ಬರುತ್ತಿದ್ದರು, ಅದಕ್ಕೆ ಉತ್ತರ ನನ್ನ ಬಳಿ ಇರುತ್ತಿತ್ತು. ಮೊದಲ ಪರಿಶೀಲನೆಯಲ್ಲಿ ಗುರುವಾರದ ಬದಲು ಬುಧವಾರ ಎಂದು ಬದಲಿಸಿದೆವು. ಎರಡು ದಿನ ಒಟ್ಟಿಗೆ ಬರುವುದರಿಂದ ಕಾಗದ ಉಳಿಯದಂತೆ, ಮಂಗಳವಾರ ಬಂದ ಬಿಲ್ಲುಗಳನ್ನು ಅಂದು ಸಂಜೆಯೇ ಕಚೇರಿಯಲ್ಲಿ ಸ್ಕ್ಯಾನ್ ಮಾಡಿ ಸರ್ವರಿಗೆ ಹಾಕುವ ಕ್ರಮವನ್ನು ಸೇರಿಸಿಕೊಂಡೆವು. ಆಗಸ್ಟಿನಲ್ಲಿ ಆ ಪುಸ್ತಕದ ನಮೂದುಗಳು ಗಮನಾರ್ಹವಾಗಿ ಇಳಿದವು.

ಆಗಸ್ಟ್ ಕೊನೆಯ ಪರಿಶೀಲನೆ ಮುಗಿದ ದಿನವೇ ನಾನು ಚರ್ಚೆಯ ಸಾರವನ್ನು ಇಮೇಲಿನಲ್ಲಿ ಬರೆದು, ಒಪ್ಪಿಗೆಯಿದ್ದರೆ ಇದಕ್ಕೇ ಉತ್ತರಿಸಬೇಕೆಂದು ಕೋರಿದೆ. ಅವರ ಉತ್ತರದಂತೆ ಮಂಗಳವಾರ ಮತ್ತು ಬುಧವಾರದ ವ್ಯವಸ್ಥೆ ನವೆಂಬರ್ 30ರವರೆಗೆ ಮುಂದುವರಿಯಿತು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಅದು ಇರುವುದಿಲ್ಲ, ಏಪ್ರಿಲ್‌ನಲ್ಲಿ ಅದೇ ಮೂರು ಅಳತೆಗಳೊಂದಿಗೆ ನಾನು ಹೊಸದಾಗಿ ಅರ್ಜಿ ಸಲ್ಲಿಸಬೇಕು.