ಬಸ್ಸಿನಲ್ಲಿ ಹೋಗುವ ಯೂರಿನ್ ಕಲ್ಚರ್: ನಾಪೋಕ್ಲು ಕಡೆಯ ನನ್ನ ಅನುಭವ

"ಡಾಕ್ಟ್ರೇ, ನಿಮ್ಮ ಕಡೆಯಿಂದ ಕಲ್ಚರ್ ಕಳಿಸಿ ಪ್ರಯೋಜನ ಇಲ್ಲ. ಬರೋದೆಲ್ಲ ಮಿಕ್ಸ್ಡ್ ಗ್ರೋತ್, ಹಲವು ತರದ ಬ್ಯಾಕ್ಟೀರಿಯಾ ಒಟ್ಟಿಗೆ." ಲ್ಯಾಬಿನವರು ಹೀಗೆ ಹೇಳಿದ್ದು ಒಂದು ಸಲ ಅಲ್ಲ. ಗೆಳೆಯ ಡಾಕ್ಟರುಗಳೂ ಅದನ್ನೇ ಹೇಳುತ್ತಿದ್ದರು. ಸಿಫಿಕ್ಸೈಮ್ ಬರೆದುಬಿಡಿ, ಕಡಿಮೆ ಆಗದಿದ್ದರೆ ಅಮಿಕಾಸಿನ್ ಚುಚ್ಚಿ, ಸುಮ್ನೆ ಯಾಕೆ ಪೇಷಂಟಿಗೆ ಖರ್ಚು ಅಂತ. ಆಗ ನಾನು ಕಳಿಸಿದ ಮೂರರಲ್ಲಿ ಒಂದು ಸ್ಯಾಂಪಲ್ ಹಾಳಾಗಿ ಬರುತ್ತಿತ್ತು. ಈಗ ಹತ್ತರಲ್ಲಿ ಒಂದೂ ಬರುವುದಿಲ್ಲ. ಅದೇ ಲ್ಯಾಬು, ಅದೇ ಬಸ್ಸು, ಅದೇ ಮಳೆ.

ನನ್ನ ಕ್ಲಿನಿಕ್‌ನಲ್ಲಿ ಕಲ್ಚರ್ ಮಾಡುವ ವ್ಯವಸ್ಥೆ ಇಲ್ಲ. ಒಂದು ಹಳೇ ಮೈಕ್ರೋಸ್ಕೋಪ್ ಇದೆ, ಫ್ರಿಜ್ ಇದೆ, ಜುಲೈ ಬಂದರೆ ಫ್ರಿಜ್‌ಗೆ ಕರೆಂಟ್ ಇರುವುದಿಲ್ಲ. ಸ್ಯಾಂಪಲ್ ಬಸ್ಸಿನಲ್ಲಿ ಮಡಿಕೇರಿಗೆ ಹೋಗಬೇಕು. ಪ್ಲೇಟ್ ಮೇಲೆ ಬೀಳುವ ಹೊತ್ತಿಗೆ ಮೂರು ನಾಲ್ಕು ಗಂಟೆ ದಾಟಿರುತ್ತದೆ. ಹೊರಗೆ ಇಟ್ಟ ಸ್ಯಾಂಪಲ್‌ಗೆ ಎರಡು ಗಂಟೆ ಗಡುವು ಅಂತ ನಮಗೆಲ್ಲ ಗೊತ್ತು.

ಮೊದಲು ಹಿಡಿದದ್ದು ಬೋರಿಕ್ ಆಸಿಡ್ ಹಾಕಿದ ಡಬ್ಬಿ. ಅದಿದ್ದರೆ ಐಸ್ ಬೇಡ ಅಂತ ಆಸೆ ಇತ್ತು. ಒಂದಕ್ಕೆ ಮೂವತ್ತೋ ನಲವತ್ತೋ ರೂಪಾಯಿ ಬಿತ್ತು. ಒಂದು ದೊಡ್ಡ ಪೊಟ್ಟಣವನ್ನೇ ತರಿಸಿದೆ. ಒಂದೇ ಸ್ಯಾಂಪಲನ್ನು ಎರಡು ಪಾಲು ಮಾಡಿ, ಒಂದನ್ನು ಐಸಿನಲ್ಲಿ, ಒಂದನ್ನು ಬೋರಿಕ್ ಡಬ್ಬಿಯಲ್ಲಿ ಕಳಿಸಿ ನೋಡಿದೆ. ಐಸಿನದ್ದರಲ್ಲಿ ಮಿಲಿಗೆ ಲಕ್ಷ ದಾಟಿದ ಈ. ಕೊಲೈ ಬ್ಯಾಕ್ಟೀರಿಯಾ, ಬೋರಿಕ್ ಡಬ್ಬಿಯದ್ದರಲ್ಲಿ ಸಾವಿರ ಅಷ್ಟೇ. ಕಾರಣ ಸಣ್ಣದು. ಡಬ್ಬಿಯ ಗೆರೆ 20 ಮಿಲಿಗೆ ಇತ್ತು, ನಮ್ಮವರು ತರುತ್ತಿದ್ದದ್ದು ಐದಾರು ಮಿಲಿ. ಅಷ್ಟೇ ಪುಡಿಗೆ ಮೂತ್ರ ಕಾಲುಭಾಗವಾದರೆ ಆಸಿಡ್ ನಾಲ್ಕು ಪಟ್ಟು ಗಟ್ಟಿ. ಬ್ಯಾಕ್ಟೀರಿಯಾ ಹೆಚ್ಚದಂತೆ ತಡೆಯಬೇಕಾದದ್ದು ಅದನ್ನೇ ಕೊಲ್ಲುತ್ತದೆ. ಗೆರೆವರೆಗೆ ತುಂಬಿಸುವ ಪೇಷಂಟ್ ಇದ್ದರೆ ಅದು ಒಳ್ಳೇ ಡಬ್ಬಿ. ಉರಿಯಿಂದ ಹನಿಹನಿಯಾಗಿ ಹೋಗುವವರ ಹತ್ತಿರ 20 ಮಿಲಿ ಎಲ್ಲಿಂದ ಬರಬೇಕು? ಉಳಿದ ಡಬ್ಬಿಗಳಲ್ಲಿ ಈಗ ನಮ್ಮ ಕಾಂಪೌಂಡರ್ ಮೊಳೆ ಸ್ಕ್ರೂ ಇಟ್ಟುಕೊಂಡಿದ್ದಾರೆ.

ಆಮೇಲೆ ಥರ್ಮೋಕೋಲ್ ಬಾಕ್ಸು, ಜೆಲ್ ಪ್ಯಾಕು. ಮೀನಿನ ಅಂಗಡಿಯವರು ಕೊಟ್ಟ ಬಾಕ್ಸು, ಪುಕ್ಕಟೆ. "ಕೊಡಗಿನ ಚಳಿಗೆ ಐಸ್ ಬೇರೆ ಬೇಕಾ?" ಅಂತ ನಗಾಡಿದರು. ಮಳೆಗಾಲದಲ್ಲಿ ಹೊರಗೆ ಇಪ್ಪತ್ತು ಡಿಗ್ರಿ ಆಸುಪಾಸು ಇರುತ್ತದೆ, ನಿಜ. ಆದರೆ ಮಳೆಗಾಲದಲ್ಲೂ ರಿಪೋರ್ಟ್ ಅಷ್ಟೇ ಕೆಟ್ಟದಾಗಿ ಬರುತ್ತಿತ್ತಲ್ಲ, ಯಾಕೆ? ಒಂದು ದಿನ ಅದೇ ಬಸ್ಸಿನಲ್ಲಿ ಮಡಿಕೇರಿಗೆ ಹೋದೆ, ಆಗ ಗೊತ್ತಾಯಿತು. ಪಾರ್ಸೆಲ್ ಎಲ್ಲ ಡ್ರೈವರ್ ಪಕ್ಕದ ಇಂಜಿನ್ ಬಾನೆಟ್ ಮೇಲೆ. ಕೈ ಇಟ್ಟರೆ ಬೆಚ್ಚಗೆ. ಇನ್‌ಕ್ಯುಬೇಟರೇ ಅದು! ಈಗ ನನ್ನ ಬಾಕ್ಸು ಹಿಂದಿನ ಸೀಟಿನ ಕೆಳಗೆ ಹೋಗುತ್ತದೆ. ಕಂಡಕ್ಟರ್ ಜೊತೆ ನನ್ನ ಒಪ್ಪಂದ ಏನು ಅಂತ ಹೇಳುವುದಿಲ್ಲ, ಹೇಳಿದರೆ ಎಲ್ಲರೂ ಶುರು ಮಾಡುತ್ತಾರೆ.

ಅಷ್ಟಾದರೂ ಮಿಕ್ಸ್ಡ್ ಗ್ರೋತ್ ಅರ್ಧದಷ್ಟು ಮಾತ್ರ ಇಳಿಯಿತು. ಐಸು ಬ್ಯಾಕ್ಟೀರಿಯಾ ಹೆಚ್ಚುವುದನ್ನು ತಡೆಯುತ್ತದೆ, ಡಬ್ಬಿಗೆ ಮೊದಲೇ ಬಿದ್ದ ಚರ್ಮದ ಬ್ಯಾಕ್ಟೀರಿಯಾವನ್ನು ತೆಗೆಯುವುದಿಲ್ಲ. ನಿಜವಾಗಿ ಕೆಲಸ ಮಾಡಿದ್ದು ಇನ್ನೊಂದು: ಸ್ಯಾಂಪಲ್ ಕಳಿಸುವ ಮೊದಲು ನಾನೇ ಅದನ್ನು ಪಾಸ್ ಫೇಲ್ ಮಾಡುವುದು. ಮನೆಯಿಂದ ತಂದ ಬೆಳಗಿನ ಮೂತ್ರ ನಿಲ್ಲಿಸಿದೆ. ಬಸ್ಸಿಗೆ ಅರ್ಧ ಗಂಟೆ ಮುಂಚೆ ಕ್ಲಿನಿಕ್‌ನಲ್ಲೇ ಹಿಡಿಯಬೇಕು. ಅದಕ್ಕೆ ಮೊದಲು ಮೂರು ನಾಲ್ಕು ಗಂಟೆ ತಡೆದುಕೊಂಡಿರಬೇಕು, ಆಗದಿದ್ದರೆ ಆದಷ್ಟು. ಹೆಂಗಸರಿಗೆ ಸಿಸ್ಟರ್ ಹೇಳಿಕೊಡುತ್ತಾರೆ: ಎರಡು ಬೆರಳಲ್ಲಿ ಬಿಡಿಸಿ ಹಿಡಿಯಿರಿ, ಮೊದಲ ಸ್ವಲ್ಪ ಹೊರಗೆ ಬಿಡಿ, ನಡುವಿನದ್ದು ಡಬ್ಬಿಗೆ. ತೊಳೆಯಲು ಬರೀ ನೀರು. ಡೆಟಾಲ್ ಬೇಡ, ಅದು ಡಬ್ಬಿಗೆ ಬಿದ್ದರೆ ಬೆಳೆಯುವುದೂ ಬೆಳೆಯುವುದಿಲ್ಲ.

ಕೂಡಲೇ ಒಂದು ಹನಿ ಸ್ಲೈಡ್ ಮೇಲೆ. ಕಡಿಮೆ ಪವರ್‌ನಲ್ಲಿ ಚಪ್ಪಟೆ ಎಪಿಥೀಲಿಯಲ್ ಸೆಲ್ಸ್ ಫೀಲ್ಡಿಗೆ ಹತ್ತಕ್ಕಿಂತ ಜಾಸ್ತಿ ಕಂಡರೆ ಡಬ್ಬಿ ಬಕೆಟ್ಟಿಗೆ. ಪೇಷಂಟಿಗೆ ಎರಡು ಲೋಟ ನೀರು, ಇನ್ನೊಂದು ಡಬ್ಬಿ, ಬೇಕಾದರೆ ಮುಂದಿನ ಬಸ್ಸು. ಕಲ್ಚರ್‌ಗೆ ಐನೂರು, ಆರುನೂರು ತೆಗೆದುಕೊಳ್ಳುತ್ತಾರೆ. ತೋಟದ ಕೆಲಸದವರಿಗೆ ಅದು ಒಂದು ದಿನದ ಕೂಲಿಗಿಂತ ಜಾಸ್ತಿ. ಸ್ಲೈಡಿಗೆ ಎರಡು ರೂಪಾಯಿಯೂ ಇಲ್ಲ.

ಈಗ ರಿಪೋರ್ಟು. ಒಂದು ಕೇಸ್ ಹೇಳುತ್ತೇನೆ, ಗುರುತು ಸಿಗದಂತೆ ಸ್ವಲ್ಪ ಬದಲಿಸಿ. ಐವತ್ತರ ಆಸುಪಾಸಿನ ಹೆಂಗಸು. ಸಕ್ಕರೆ ಇಲ್ಲ, ಕ್ರಿಯಾಟಿನಿನ್ 0.9. ಕಾಫಿ ಕೊಯ್ಲಿನ ಸಮಯ. ತೋಟದಲ್ಲಿ ಕಕ್ಕಸು ಇಲ್ಲ ಅಂತ ಬೆಳಿಗ್ಗೆಯಿಂದ ನೀರೇ ಕುಡಿಯದವರು. ಉರಿ, ಪದೇ ಪದೇ ಹೋಗುವುದು. ಜ್ವರ ಇಲ್ಲ, ಪಕ್ಕೆ ನೋವಿಲ್ಲ. ಕೈಯಲ್ಲಿ ಬೇರೆ ಕಡೆಯ ಹಳೇ ರಿಪೋರ್ಟು: 105 CFU/ml, ಮೂರು ತರದ ಬ್ಯಾಕ್ಟೀರಿಯಾ, ಅದರಲ್ಲೊಂದಕ್ಕೆ ಸೆನ್ಸಿಟಿವಿಟಿ, ಅಂದರೆ ಯಾವ ಔಷಧಿ ಹಿಡಿಯುತ್ತದೆ ಅನ್ನುವ ಪಟ್ಟಿ. ಹತ್ತರ ತಲೆಯ ಮೇಲಿನ ಸಣ್ಣ ಐದು ಪ್ರಿಂಟಾಗುವಾಗ ಕೆಳಗಿಳಿದರೆ ಒಂದು ಲಕ್ಷ ಹೋಗಿ ನೂರಾ ಐದು ಆಗುತ್ತದೆ, ಇದನ್ನು ಗಮನಿಸಿ. ಇಲ್ಲಿ ಲಕ್ಷವಾದರೂ ಅದಕ್ಕೆ ಬೆಲೆ ಇಲ್ಲ. ಕ್ಯಾಥೆಟರ್ ಇಲ್ಲದವರಲ್ಲಿ ಮೂರು ತರ ಒಟ್ಟಿಗೆ ಬೆಳೆದರೆ ಅದು ಸ್ಯಾಂಪಲಿನ ಕತೆ, ಮೂತ್ರಕೋಶದ ಕತೆ ಅಲ್ಲ. ಅದಕ್ಕೆ ಸೆನ್ಸಿಟಿವಿಟಿ ಹಾಕಬಾರದಿತ್ತು. ಆ ಪಟ್ಟಿ ನೋಡಿ ಅವರಿಗೆ ಐದು ದಿನ ಇಂಜೆಕ್ಷನ್ ಆಗಿತ್ತು. ಎರಡು ಸಾವಿರದ ಮೇಲೆ ಖರ್ಚು, ಉರಿ ವಾಪಸ್ಸು.

ಔಷಧಿ ಬಿಟ್ಟು ಕೆಲವು ದಿನ ಆಗಿತ್ತು, ಹಾಗಾಗಿ ಹೊಸ ಸ್ಯಾಂಪಲ್ ಹಿಡಿದೆವು. ಪಸ್ ಸೆಲ್ಸ್ 15ರಿಂದ 20, ಎಪಿಥೀಲಿಯಲ್ ಒಂದೆರಡು. ಪಾಸು. ರಿಪೋರ್ಟ್: ಈ. ಕೊಲೈ ಒಂದೇ, ಹತ್ತು ಸಾವಿರ.

"ಲಕ್ಷ ಇಲ್ಲವಲ್ಲ, ಬಿಟ್ಟುಬಿಡಿ" ಅಂದರು ಒಬ್ಬ ಗೆಳೆಯ. ಲಕ್ಷದ ಲೆಕ್ಕ 1950ರ ದಶಕದಲ್ಲಿ ಎಡ್ವರ್ಡ್ ಕ್ಯಾಸ್ ಕೊಟ್ಟದ್ದು. ಅವರು ನೋಡಿದ್ದು ಕಿಡ್ನಿ ಸೋಂಕಿನವರನ್ನು ಮತ್ತು ಯಾವ ತೊಂದರೆಯೂ ಇಲ್ಲದವರನ್ನು. ಉರಿ ಇದ್ದು, ಪಸ್ ಇದ್ದು, ಒಂದೇ ಬ್ಯಾಕ್ಟೀರಿಯಾ ಇದ್ದರೆ ಸಾವಿರವೂ ಲೆಕ್ಕಕ್ಕೆ ಬರುತ್ತದೆ. ಪ್ಲೇಟಿಗೆ ಮೂತ್ರ ಹಚ್ಚುವ ಲೂಪ್ 0.001 ಮಿಲಿಯದ್ದು, ಒಂದು ಕಾಲೊನಿ ಅಂದರೆ ಸಾವಿರ. ಹತ್ತು ಸಾವಿರ ಅಂದರೆ ಪ್ಲೇಟ್ ಮೇಲೆ ಸುಮಾರು ಹತ್ತು ಕಾಲೊನಿ. ಹತ್ತೂ ಒಂದೇ ತರ ಇದ್ದವಾ ಅಂತ ನಾನು ಲ್ಯಾಬಿಗೆ ಫೋನ್ ಮಾಡಿ ಕೇಳುತ್ತೇನೆ. ಕೇಳಿದರೆ ಅವರೂ ಇನ್ನೊಮ್ಮೆ ನೋಡುತ್ತಾರೆ.

ಸೆನ್ಸಿಟಿವಿಟಿ ಹೀಗಿತ್ತು, R ಅಂದರೆ ಹಿಡಿಯದ್ದು, S ಅಂದರೆ ಹಿಡಿಯುವುದು: ಸಿಫೋಟಾಕ್ಸಿಮ್ R, ಸಿಪ್ರೋ R, ನೈಟ್ರೋಫ್ಯುರಾಂಟೋಯಿನ್ S, ಫಾಸ್ಫೋಮೈಸಿನ್ S, ಅಮಿಕಾಸಿನ್ S, ಮೆರೋಪೆನಮ್ S. ನಮ್ಮ ಲ್ಯಾಬು ಜೋನ್ ಅಳತೆಯನ್ನೂ ಬರೆಯುತ್ತದೆ, ಔಷಧಿಯ ಡಿಸ್ಕ್ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಜಾಗ ಎಷ್ಟು ಮಿಲಿಮೀಟರ್ ಅಂತ. ಆ ಹೆಂಗಸಿನ ಮಗ ಓದಿದವನು, ಬೆರಳಿಟ್ಟು ಕೇಳಿದ: "ಸಾರ್, ಸಿಪ್ರೋಗೆ 21 ಇದೆ, ನೈಟ್ರೋಫ್ಯುರಾಂಟೋಯಿನ್‌ಗೆ 18 ಅಷ್ಟೇ. ಜಾಸ್ತಿ ಇರೋದು ಕೊಡಿ." ಒಳ್ಳೇ ಪ್ರಶ್ನೆ, ನಮ್ಮವರಲ್ಲೂ ಕೆಲವರು ಹಾಗೇ ಓದುತ್ತಾರೆ. ಪ್ರತಿ ಡಿಸ್ಕಿಗೂ ಅದರದ್ದೇ ಪಾಸ್ ಮಾರ್ಕು. ಈ. ಕೊಲೈಗೆ ಸಿಎಲ್‌ಎಸ್‌ಐ ಅನ್ನುವ ಲ್ಯಾಬ್ ಮಾನದಂಡ ಸಂಸ್ಥೆಯ ಲೆಕ್ಕದಲ್ಲಿ ಸಿಪ್ರೋ 26 ದಾಟಬೇಕು ಇಲ್ಲವೇ ಮುಟ್ಟಬೇಕು, 21 ಅಥವಾ ಕಡಿಮೆ ಫೇಲು. ನೈಟ್ರೋಫ್ಯುರಾಂಟೋಯಿನ್‌ಗೆ 17 ಸಾಕು. ಡಿಸ್ಕಿನಲ್ಲಿರುವ ಔಷಧಿಯ ಪ್ರಮಾಣ ಬೇರೆ, ಅಗಾರಿನಲ್ಲಿ ಹರಡುವ ವೇಗ ಬೇರೆ. ಎರಡು ಔಷಧಿಯ ಮಿಲಿಮೀಟರ್ ಪಕ್ಕಪಕ್ಕ ಇಟ್ಟು ಹೋಲಿಸಿ ಉಪಯೋಗ ಇಲ್ಲ.

ಮೆರೋಪೆನಮ್ S ಇದೆ ಅಂತ ಅದನ್ನು ಕೊಡಬೇಕಾಗಿಲ್ಲ. ಸೋಂಕು ಎಲ್ಲಿದೆ, ಅಲ್ಲಿಗೆ ಔಷಧಿ ಹೋಗುತ್ತದಾ, ಅಷ್ಟೇ ಪ್ರಶ್ನೆ. ಇವರದ್ದು ಮೂತ್ರಕೋಶದಲ್ಲೇ ನಿಂತಿದೆ, ಕಿಡ್ನಿ ಸರಿ ಇದೆ. ನೈಟ್ರೋಫ್ಯುರಾಂಟೋಯಿನ್ ಎಸ್‌ಆರ್ 100 ಮಿಗ್ರಾಂ, ಊಟದ ಜೊತೆ ದಿನಕ್ಕೆ ಎರಡು, ಐದು ದಿನ. ಹತ್ತು ಮಾತ್ರೆಗೆ ನೂರು ನೂರೈವತ್ತರ ಒಳಗೆ. ಮೂತ್ರ ಕಂದು ಬಣ್ಣ ಬರಬಹುದು ಅಂತ ಮೊದಲೇ ಹೇಳಿದೆ, ಇಲ್ಲದಿದ್ದರೆ ರಕ್ತ ಅಂತ ಹೆದರಿ ಮಾತ್ರೆ ಬಿಡುತ್ತಾರೆ. ಮೂರನೇ ದಿನಕ್ಕೆ ಉರಿ ಹೋಯಿತು. ಫಾಸ್ಫೋಮೈಸಿನ್ 3 ಗ್ರಾಂ ಒಂದೇ ಸಲ ಕೊಟ್ಟಿದ್ದರೂ ಆಗುತ್ತಿತ್ತು. ಆದರೆ ಪೊಟ್ಟಣಕ್ಕೆ ನಾನ್ನೂರರ ಆಸುಪಾಸು, ನಮ್ಮ ಮೆಡಿಕಲ್‌ನಲ್ಲಿ ಯಾವಾಗಲೂ ಸಿಗುವುದೂ ಇಲ್ಲ. "ಇನ್ನೊಂದು ಕಲ್ಚರ್ ಮಾಡಿ, ಕ್ಲಿಯರ್ ಆಗಿದೆಯಾ ನೋಡೋಣ" ಅಂದ ಮಗ. ಗುಣವಾದವರಿಗೆ ಬೇಡ ಅಂದೆ.

ಇದೇ ರಿಪೋರ್ಟು ಚಳಿಜ್ವರ, ಪಕ್ಕೆ ನೋವು ಇರುವವರ ಕೈಯಲ್ಲಿದ್ದರೆ ನೈಟ್ರೋಫ್ಯುರಾಂಟೋಯಿನ್ ಮುಂದಿನ S ಅನ್ನು ನಾನು ಓದುವುದೇ ಇಲ್ಲ. ಅದು ಮೂತ್ರದಲ್ಲಿ ತುಂಬಿಕೊಳ್ಳುತ್ತದೆ, ಕಿಡ್ನಿಯ ಒಳಗೆ ಸಾಕಷ್ಟು ನಿಲ್ಲುವುದಿಲ್ಲ. ಅಂಥವರನ್ನು ಅಮಿಕಾಸಿನ್ ಶುರು ಮಾಡಿ ದೊಡ್ಡ ಆಸ್ಪತ್ರೆಗೆ ಕಳಿಸುತ್ತೇನೆ. ಕಿಡ್ನಿಯ ಕೆಲಸ ಕುಗ್ಗಿದವರಿಗೂ ನೈಟ್ರೋಫ್ಯುರಾಂಟೋಯಿನ್ ಬೇಡ, ಹೆರಿಗೆ ಹತ್ತಿರ ಇರುವವರಿಗೂ ಬೇಡ.

ಲ್ಯಾಬನ್ನೇ ಪರೀಕ್ಷೆ ಮಾಡುವುದು ನನಗೊಂದು ಚಟ. ಪ್ರೋಟಿಯಸ್‌ಗೆ ನೈಟ್ರೋಫ್ಯುರಾಂಟೋಯಿನ್ ಹುಟ್ಟಿನಿಂದಲೇ ಹಿಡಿಯುವುದಿಲ್ಲ, ಕ್ಲೆಬ್ಸಿಯೆಲ್ಲಾಗೆ ಆಂಪಿಸಿಲಿನ್ ಹಾಗೇ. ಅವುಗಳ ಮುಂದೆ S ಕಂಡರೆ ಬ್ಯಾಕ್ಟೀರಿಯಾದ ಹೆಸರು ತಪ್ಪಿದೆ, ಇಲ್ಲವೇ ಡಿಸ್ಕ್ ಹಾಳಾಗಿದೆ, ಇಲ್ಲವೇ ಟೈಪ್ ಮಾಡುವವರು ಸಾಲು ಜಾರಿದ್ದಾರೆ. ಹಾಗೆ ಒಮ್ಮೆ ಫೋನ್ ಮಾಡಿದ ಮೇಲೆಯೇ ಲ್ಯಾಬಿನವರು ನನ್ನ ಸ್ಯಾಂಪಲನ್ನು ಬೇರೆ ಕಣ್ಣಿಂದ ನೋಡಲು ಶುರು ಮಾಡಿದ್ದು. ಇನ್ನೂ ಎರಡು ಜೋಡಿ ಇಟ್ಟುಕೊಂಡಿದ್ದೇನೆ, ಅವು ನನ್ನ ಹತ್ತಿರವೇ ಇರಲಿ.

ಇತ್ತೀಚೆಗೆ ಎಸ್ಟೇಟಿನ ಒಬ್ಬರು ಮೈಸೂರಿನಲ್ಲಿ ಫುಲ್ ಬಾಡಿ ಚೆಕಪ್ ಮಾಡಿಸಿ ಬಂದರು. ಲಕ್ಷ ದಾಟಿದ ಈ. ಕೊಲೈ, ಶುದ್ಧ ಬೆಳೆ, ಅರ್ಧ ಪುಟ S. ಉರಿ ಇಲ್ಲ, ಜ್ವರ ಇಲ್ಲ, ಬಸುರಿಯಲ್ಲ, ಮೂತ್ರನಾಳದ ಆಪರೇಷನ್ ಏನೂ ಮುಂದಿಲ್ಲ. ಔಷಧಿ ಬರೆಯಲಿಲ್ಲ. ಫೀಸ್ ಕೊಟ್ಟೂ ಚೀಟಿ ಸಿಗಲಿಲ್ಲ ಅಂತ ಅವರಿಗೆ ನನ್ನ ಮೇಲೆ ಈಗಲೂ ಸಿಟ್ಟಿದೆ.